ಚಾರ್ಟು, ಕಾಗೆ, ಅಜ್ಜಿಯ ದೋಸೆ: ಮೂರು ಕಾಲಕ್ಕೆ ಯಾವ ಕಥೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಜ್ಜಿಯ ದೋಸೆಗೆ. ಎರಡನೇ, ಮೂರನೇ ತರಗತಿಯ ಮಕ್ಕಳಿಗೆ ವಾಕ್ಯಕ್ಕೊಂದು ಕಾಲ ಬರುವ ಪುಟ್ಟ ಕಥೆ ಬೇಕಾದಾಗ ದಾವಣಗೆರೆ ಕಡೆ ಸುಲಭವಾಗಿ ಕೈಗೆ ಸಿಗುವುದು ಮೂರು: ಅಂಗಡಿಯ ಬಣ್ಣದ ಚಾರ್ಟು, ಎಲ್ಲರೂ ಹೇಳುವ ಕಾಗೆ ಕಥೆ, ನಾವೇ ಕಟ್ಟಿಕೊಳ್ಳುವ ಮನೆಯ ಕಥೆ. ಮೂರನ್ನೂ ಮಕ್ಕಳ ಮುಂದೆ ಇಟ್ಟು ನೋಡಿದ ಮೇಲೆ ಬರೆದದ್ದು ಇದು.

ಚಾರ್ಟಿನಿಂದ ಶುರು. ಅದರಲ್ಲಿ ಇರುವುದು ಹೀಗೆ: "ನಿನ್ನೆ ರಾಮು ಹಣ್ಣು ತಿಂದನು. ಇಂದು ರಾಮು ಹಣ್ಣು ತಿನ್ನುತ್ತಾನೆ. ನಾಳೆ ರಾಮು ಹಣ್ಣು ತಿನ್ನುವನು." ಮೂರು ದಿನವೂ ಅದೇ ಹಣ್ಣು, ಅದೇ ಭಂಗಿ. ಇದು ಕಥೆಯಲ್ಲ, ಮಗ್ಗಿ. ಮಕ್ಕಳು ಥಟ್ಟನೆ ಸರಿಯುತ್ತರ ಕೊಡುತ್ತಾರೆ ಅನ್ನುವುದೇ ಇದರ ಮೋಸ. ನಿನ್ನೆ, ಇಂದು, ನಾಳೆ ಅನ್ನುವ ಪದಗಳನ್ನು ಕೈಯಲ್ಲಿ ಮುಚ್ಚಿ ಮತ್ತೆ ಕೇಳಿ. ತಡವರಿಸಿದರೆ ಅವರು ಓದುತ್ತಿದ್ದದ್ದು ಮೊದಲ ಪದವನ್ನು, ಕ್ರಿಯಾಪದವನ್ನಲ್ಲ ಎಂದು ಗೊತ್ತಾಗುತ್ತದೆ. 'ಇಂದು' ಅನ್ನುವುದಂತೂ ಯಾವ ಕಾಲಕ್ಕೂ ಹೊಂದುತ್ತದೆ: ಇಂದು ಬೆಳಿಗ್ಗೆ ತಿಂದನು, ಇಂದು ಸಂಜೆ ತಿನ್ನುವನು. ವರ್ತಮಾನಕ್ಕೆ 'ಈಗ' ಎಂದೇ ಬರೆಯಬೇಕು.

ಕಾಗೆ ಕಥೆ ಮಕ್ಕಳಿಗೆ ಇಷ್ಟ. "ಕಾಗೆ ಮಂಡಕ್ಕಿ ಕಂಡಿತು. ಕಾಗೆ ಹಾರುತ್ತಿದೆ. ಕಾಗೆ ಮಂಡಕ್ಕಿ ತಿನ್ನುವುದು." ಸಲೀಸಾಗಿದೆ ಅನಿಸುತ್ತದೆ. ಆದರೆ ಮೂರನೇ ವಾಕ್ಯ ಓದಿ ನಿಲ್ಲಿಸಿದರೆ ಮಕ್ಕಳು ನಮ್ಮ ಮುಖವನ್ನೇ ನೋಡುತ್ತಾರೆ, ಮುಂದೇನೋ ಇದೆ ಅನ್ನುವ ಹಾಗೆ. ಅವರ ತಪ್ಪಲ್ಲ. 'ತಿನ್ನುವುದು' ಅವರ ಕಿವಿಗೆ 'ತಿನ್ನೋದು' ಆಗಿ ಬೀಳುತ್ತದೆ: ಕಾಗೆ ತಿನ್ನೋದು ನೋಡಿದೆ, ಕಾಗೆ ತಿನ್ನೋದು ಏನು? ನಪುಂಸಕಲಿಂಗದ ಭವಿಷ್ಯತ್ ರೂಪವೂ ಕೆಲಸದ ಹೆಸರೂ ಕನ್ನಡದಲ್ಲಿ ಒಂದೇ ಅಕ್ಷರಗಳಲ್ಲಿ ಬರುತ್ತವೆ. ಭೂತಕಾಲದಲ್ಲೂ ಇದೇ ಪಾಡು. ಭೂತಕಾಲಕ್ಕೆ 'ದ' ಗುರುತು ಎಂದು ಹೇಳಿಕೊಟ್ಟು 'ಹಾರಿತು', 'ಹೋಯಿತು' ತೋರಿಸಿದರೆ ಮಗು 'ದ' ಎಲ್ಲಿ ಹುಡುಕಬೇಕು? ಹುಡುಗಿ 'ಹಾರಿದಳು' ಅಂದರೆ 'ದ' ಎದುರಿಗೇ ಇದೆ. ಹಾಗಾಗಿ ಕಾಲ ಕಲಿಸುವ ಕಥೆಯಲ್ಲಿ ಕಾಗೆ, ನರಿ, ಮಳೆ, ಬಸ್ಸು ಯಾವುದೂ ಬೇಡ. ಮನುಷ್ಯರೇ ಇರಲಿ.

ಇನ್ನು ಅಜ್ಜಿಯ ದೋಸೆ. ಐದು ಚೀಟಿ ಸಾಕು. ಹಳೆ ಮದುವೆ ಕಾರ್ಡಿನ ಹಿಂಬದಿ ಆದರೂ ನಡೆಯುತ್ತದೆ. ಅಕ್ಕಿ ತೊಳೆ, ಹಿಟ್ಟು ರುಬ್ಬು, ದೋಸೆ ಹಾಕು, ಬೆಣ್ಣೆ ಸವರು, ದೋಸೆ ತಿನ್ನು: ಒಂದೊಂದರಲ್ಲಿ ಒಂದು ಚಿತ್ರ. ಕೆಳಗೆ ಕ್ರಿಯಾಪದದ ಮೂಲರೂಪ ಮಾತ್ರ. ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸಿ ಒಂದು ಹುಣಸೆಬೀಜಕ್ಕೆ 'ಈಗ' ಎಂದು ಹೆಸರಿಡಿ. ಬೀಜ ಕೂತ ಚೀಟಿ ವರ್ತಮಾನ, ಅದರ ಎಡಕ್ಕಿರುವುದು ಭೂತ, ಬಲಕ್ಕಿರುವುದು ಭವಿಷ್ಯತ್. ಮೂರೇ ಚೀಟಿ ಓದಿಸಿ.

ಬೀಜ ಮೂರನೆಯದರ ಮೇಲಿದ್ದರೆ ಕಥೆ ಹೀಗೆ: "ಅಜ್ಜಿ ಹಿಟ್ಟು ರುಬ್ಬಿದಳು. ಅಜ್ಜಿ ದೋಸೆ ಹಾಕುತ್ತಿದ್ದಾಳೆ. ಅಜ್ಜಿ ಬೆಣ್ಣೆ ಸವರುವಳು." ಬೀಜವನ್ನು ಒಂದು ಮನೆ ಮುಂದೆ ಸರಿಸಿ: "ಅಜ್ಜಿ ದೋಸೆ ಹಾಕಿದಳು. ಅಜ್ಜಿ ಬೆಣ್ಣೆ ಸವರುತ್ತಿದ್ದಾಳೆ. ಪುಟ್ಟಿ ದೋಸೆ ತಿನ್ನುವಳು." ನಿನ್ನೆ-ನಾಳೆಗಳ ಊರುಗೋಲು ಎಲ್ಲೂ ಇಲ್ಲ. ಹಿಟ್ಟು ರುಬ್ಬದೆ ದೋಸೆ ಹಾಕಲಾಗದು ಎಂಬುದು ಈ ಊರಿನ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆ ತಿಳಿವಳಿಕೆಯೇ ಕಾಲವನ್ನು ಹೊರುತ್ತದೆ. 'ಹಾಕು' ಎರಡು ಕಥೆಯಲ್ಲಿ ಎರಡು ವೇಷದಲ್ಲಿ ಬಂದದ್ದನ್ನು ಮಕ್ಕಳೇ ಹಿಡಿಯುತ್ತಾರೆ.

ಬೀಜವನ್ನು ಎರಡರಿಂದ ನಾಲ್ಕನೇ ಚೀಟಿಯವರೆಗೆ ಮಾತ್ರ ಸರಿಸಬೇಕು. ಹಾಗಾದಾಗ ಭೂತಕಾಲಕ್ಕೆ ಬರುವುದು ತೊಳೆದಳು, ರುಬ್ಬಿದಳು, ಹಾಕಿದಳು ಮಾತ್ರ. ಮೂರರಲ್ಲೂ 'ದಳು' ಕಾಣಿಸುತ್ತದೆ. 'ತಿನ್ನು' ಕೊನೆಯಲ್ಲಿರುವುದರಿಂದ ಮೂಲರೂಪವೇ ಬದಲಾಗುವ ಅದರ 'ತಿಂದಳು' ಈಗಲೇ ಎದುರಾಗದು. ಚೀಟಿ ಬದಲಾಯಿಸುವವರು ಇಲ್ಲೇ ಎಡವುವುದು. 'ಬೆಣ್ಣೆ ಇಡು', 'ಚಟ್ನಿ ಕೊಡು' ಎಂದು ನಡುವೆ ಸೇರಿಸಿದರೆ ಇಟ್ಟಳು, ಕೊಟ್ಟಳು ಬಂದು ನಿಯಮ ಮುರಿಯುತ್ತದೆ.

ಈಗ ನಿಜವಾದ ತಲೆನೋವಿಗೆ ಬರೋಣ. 'ಸವರುವಳು' ಎಂದು ಯಾರು ಮಾತಾಡುತ್ತಾರೆ? ಮನೆಯಲ್ಲಿ ಕೇಳುವುದು "ನಾಳೆ ಅಜ್ಜಿ ದೋಸೆ ಹಾಕ್ತಾಳೆ" ಎಂದೇ. ವ್ಯಾಕರಣದ ಪಾಠ 'ಹಾಕುತ್ತಾಳೆ'ಯನ್ನು ವರ್ತಮಾನ ಅನ್ನುತ್ತದೆ, ಮಗುವಿನ ಮಾತು ಅದನ್ನು ನಾಳೆಗೂ ಬಳಸುತ್ತದೆ. ಇಬ್ಬರದೂ ಸರಿ. ಮಗುವಿಗೆ ತಪ್ಪು ಹಾಕಿದರೆ ಅದರ ಮನೆಮಾತಿಗೇ ತಪ್ಪು ಹಾಕಿದಂತೆ. ಚಾರ್ಟು ಈ ಹೊಂಡಕ್ಕೆ ನೇರವಾಗಿ ಬೀಳುತ್ತದೆ: 'ನಾಳೆ ರಾಮು...' ಎಂದು ಹೇಳಿ ಬಿಟ್ಟರೆ ಹತ್ತರಲ್ಲಿ ಹತ್ತೂ ಮಕ್ಕಳು 'ತಿನ್ತಾನೆ' ಅಂದಾರು.

ದೋಸೆ ಕಥೆಯಲ್ಲಿ ಇದಕ್ಕೆ ಎರಡು ಉಪಾಯ ಇವೆ. ಒಂದು, ವರ್ತಮಾನಕ್ಕೆ 'ಹಾಕುತ್ತಾಳೆ' ಬಿಟ್ಟು 'ಹಾಕುತ್ತಿದ್ದಾಳೆ' ಬಳಸುವುದು. 'ನಾಳೆ ಹಾಕುತ್ತಿದ್ದಾಳೆ' ಎಂದು ಮಕ್ಕಳು ಸಾಮಾನ್ಯವಾಗಿ ಹೇಳುವುದಿಲ್ಲ, ಹಾಗಾಗಿ ಅದು ಸುಲಭವಾಗಿ ಜಾಗ ಬಿಟ್ಟು ಕದಲದು. ಪಾಠಕ್ಕೆ ಬೇಕಾದ ವರ್ತಮಾನದ ಗುರುತು 'ಉತ್ತ' ಅದರೊಳಗೂ ಇದೆ. ಎರಡು, ಭವಿಷ್ಯತ್ತಿನ ಗುರುತು 'ವ' ಅನ್ನುವುದನ್ನು ಮಗುವಿನ ಬಾಯಿಂದಲೇ ತೆಗೆಸುವುದು. 'ತಿನ್ನುವಳು' ಅದಕ್ಕೆ ಪರಕೀಯ, 'ತಿನ್ನೋ ದೋಸೆ' ಅಲ್ಲ. "ಪುಟ್ಟಿ ತಿನ್ನೋ ದೋಸೆ ಯಾವುದು?" ಎಂದು ಕೇಳಿ. ಬರೆಯುವಾಗ 'ತಿನ್ನೋ' ಎಂಬುದು 'ತಿನ್ನುವ' ಆಗುತ್ತದೆ ಎಂದು ಹಲಗೆ ಮೇಲೆ ತೋರಿಸಿ. ಆಮೇಲೆ 'ದೋಸೆ' ಅಳಿಸಿ 'ಳು' ಹಚ್ಚಿ: ತಿನ್ನುವ, ತಿನ್ನುವಳು. ಭೂತಕಾಲಕ್ಕೂ ಇದೇ ದಾರಿ, ಹಾಕಿದ ದೋಸೆ, ಹಾಕಿದಳು. ಮಿತಿಯೊಂದಿದೆ: 'ದಿನಾ ತಿನ್ನುವ ದೋಸೆ' ಅಂದರೆ ಅದು ರೂಢಿಯ ಮಾತು, ಭವಿಷ್ಯತ್ತಲ್ಲ. ಪ್ರಶ್ನೆಯಲ್ಲಿ 'ದಿನಾ' ನುಸುಳದಿದ್ದರೆ ಸಾಕು.

(ಹಳಗನ್ನಡದಲ್ಲಿ ಈ ಗೊಂದಲ ಕಡಿಮೆ. ವರ್ತಮಾನಕ್ಕೆ 'ದಪ' ಅನ್ನುವ ಬೇರೆಯೇ ಗುರುತು ಇತ್ತು: ಮಾಡಿದಪಂ. ಭವಿಷ್ಯತ್ತಿಗೆ ಮಾಡುವಂ. ಮಕ್ಕಳಿಗೆ ಇದು ಬೇಡ, ಮೇಷ್ಟ್ರಿಗೆ ಇರಲಿ.)

ಅಜ್ಜಿಗೆ 'ರುಬ್ಬಿದರು' ಎಂದು ಮರ್ಯಾದೆಯಿಂದ ಹೇಳುವ ಮನೆಯಾದರೆ ಅಜ್ಜಿಯ ಎಲ್ಲ ವಾಕ್ಯಗಳಲ್ಲೂ 'ರು' ಮಾಡಿ, ನಡುವೆ ಬೆರೆಸಬೇಡಿ. 'ತಿನ್ನಲ್ಲ' ಅನ್ನುವ ಮಾತು ಈ ಕಥೆಯಲ್ಲಿ ಬರಕೂಡದು, ಅದು ಈಗಿಗೂ ನಾಳೆಗೂ ಒಂದೇ.

ಚಾರ್ಟು ಪೂರಾ ದಂಡ ಅಲ್ಲ. ದೊಡ್ಡ ತರಗತಿಯಲ್ಲಿ ಪರೀಕ್ಷೆಗೆ 'ತಿಂದನು, ತಿನ್ನುತ್ತಾನೆ, ತಿನ್ನುವನು' ಎಂದು ಒಂದೇ ಧಾತುವನ್ನು ಸಾಲಾಗಿ ಬರೆಯಬೇಕು; ಅಲ್ಲಿಗೆ ಅದು ಸರಿ, ನಿಜ. ಚಿಕ್ಕವರಿಗೆ ಐದು ಚೀಟಿ, ಒಂದು ಬೀಜ. ಅದು ಪಳಗಿದ ಮೇಲೆ 'ಚಟ್ನಿ ಕೊಡು' ಎಂಬ ಆರನೇ ಚೀಟಿಯನ್ನು ಬೆಣ್ಣೆಯ ಎಡಕ್ಕೆ ತೂರಿಸಿ, ಬೀಜವನ್ನು ಅದರಾಚೆ ಬೆಣ್ಣೆಯ ಮೇಲೆ ತಳ್ಳಿ. ಮಗು 'ಕೊಡಿದಳು' ಅಂದರೆ ನಿಯಮ ತಲೆಗೆ ಹತ್ತಿದೆ. 'ಕೊಟ್ಟಳು' ಹೇಳಿಕೊಡಲು ಅದೇ ಹೊತ್ತು.