ಪಂಪ್ ಕಂಟ್ರೋಲರ್‌ನಲ್ಲಿ 65535 ಕಂಡರೆ ಮೋಟರ್ ಆನ್ ಮಾಡಬೇಡಿ

ಲೋಕಲ್ ಆಗಿ ಜೋಡಿಸಿದ ಬೋರ್‌ವೆಲ್ ಕಂಟ್ರೋಲರ್ ಹಾಕಿಸಿದವರು, ಅಂಥದ್ದನ್ನು ತಾವೇ ಮಾಡಿ ಮಾರುವವರು ದಯವಿಟ್ಟು ಓದಿ. ನಮ್ಮ ತೋಟದ ಸಬ್‌ಮರ್ಸಿಬಲ್ ಮೋಟರ್ ಸುಟ್ಟುಹೋಯಿತು. ಎತ್ತಿಸಿ ನೋಡಿದರೆ ವೈಂಡಿಂಗ್ ಕರಕಲು, ನೀರಿಲ್ಲದೆ ಗಂಟೆಗಟ್ಟಲೆ ಓಡಿದೆ. ಡ್ರೈ ರನ್ ಕಟ್ ಆಗಬೇಕಿತ್ತಲ್ಲ ಅಂತ ಪ್ಯಾನೆಲ್ ತೆಗೆದು ಸೆಟ್ಟಿಂಗ್ ನೋಡಿದರೆ ಎಲ್ಲ ಕಡೆ ಒಂದೇ ನಂಬರ್: 65535.

ಬೋರ್ಡ್ ಮಾಡಿಕೊಟ್ಟವರನ್ನು ಕೇಳಿದಾಗ ಕೋಡ್ ಕಳಿಸಿಕೊಟ್ಟರು. ಒಳಗಿರೋದು ESP8266. ಮೋಟರ್ ಆನ್ ಆದ ತಕ್ಷಣ ಇದು ನಡೆಯುತ್ತದೆ:

```
digitalWrite(RELAY, HIGH);
cfg.motorOn = 1;
EEPROM.put(0, cfg);
EEPROM.commit();
```

ನೋಡೋಕೆ ಏನೂ ತಪ್ಪಿಲ್ಲ, ಅಲ್ವಾ? ಆದರೆ ಈ ಚಿಪ್‌ನಲ್ಲಿ ನಿಜವಾದ ಈಪ್ರಾಮ್ ಇಲ್ಲ. ಫ್ಲ್ಯಾಶ್‌ನ 4096 ಬೈಟ್‌ನ ಒಂದು ಸೆಕ್ಟರನ್ನೇ ಹಾಗೆ ತೋರಿಸುತ್ತಾರೆ. ಒಂದು ಬೈಟ್ ಬದಲಾದರೂ `commit()` ಇಡೀ ಸೆಕ್ಟರ್ ಅಳಿಸಿ ಮತ್ತೆ ಬರೆಯುತ್ತದೆ. ಅಳಿಸಿದ ಫ್ಲ್ಯಾಶ್‌ನಲ್ಲಿ ಎಲ್ಲ ಬಿಟ್‌ಗಳೂ 1, ಅಂದರೆ ಎರಡು ಬೈಟ್‌ನ ಯಾವ ಸಂಖ್ಯೆ ಓದಿದರೂ 65535. ಅಳಿಸೋಕೆ ಸಾಮಾನ್ಯವಾಗಿ 45 ಮಿಲಿಸೆಕೆಂಡ್, ಕೆಟ್ಟ ಸಂದರ್ಭದಲ್ಲಿ 400 ಆಗಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಇದಕ್ಕೆ ಕರೆಂಟ್ ಪೂರ್ತಿ ಹೋಗಬೇಕು ಅಂತಲೂ ಇಲ್ಲ. ಮೋಟರ್ ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಹಳ್ಳಿ ಲೈನ್‌ನಲ್ಲಿ ವೋಲ್ಟೇಜ್ ಕುಸಿಯುತ್ತೆ, ಬೋರ್ಡ್ ರೀಸೆಟ್ ಆಗುತ್ತೆ. ಸರಿಯಾಗಿ ಅದೇ ಕ್ಷಣಕ್ಕೆ ಸೇವ್ ಇಟ್ಟಿದ್ದಾರೆ!

ಮುಂದೆ ಏನಾಗುತ್ತೆ ನೋಡಿ. ಬೋರ್ಡ್ ಮತ್ತೆ ಎದ್ದಾಗ `motorOn` ಬೈಟ್ 255. ಸೊನ್ನೆ ಅಲ್ಲವಲ್ಲ, ಹಾಗಾಗಿ ಮೋಟರ್ ತಾನೇ ಆನ್. ಡ್ರೈ ರನ್ ಆದರೆ 8 ಸೆಕೆಂಡ್ ಕಾದು ಕಟ್ ಮಾಡು ಅಂತಿದ್ದದ್ದು ಈಗ 65535 ಸೆಕೆಂಡ್, ಅಂದರೆ 18 ಗಂಟೆ. ಟೈಮರ್ 65535 ನಿಮಿಷ, 45 ದಿನ. ಬೋರ್‌ನಲ್ಲಿ ನೀರು ಇಳಿದಾಗ ಅದನ್ನು ನಿಲ್ಲಿಸುವವರು ಯಾರೂ ಇರಲಿಲ್ಲ.

ದೊಡ್ಡ ಕೆಪಾಸಿಟರ್ ಹಾಕಿದರೆ ಮುಗೀತು ಅಂತ ಅಂಗಡಿಯವರು ಹೇಳ್ತಾರೆ. ಲೆಕ್ಕ ಹಾಕಿ. ಬೋರ್ಡ್ 100 ಮಿಲಿಆಂಪ್ ತಿನ್ನುತ್ತೆ, 5 ವೋಲ್ಟ್‌ನಿಂದ 4ಕ್ಕೆ ಇಳಿಯುವವರೆಗೆ 400 ಮಿಲಿಸೆಕೆಂಡ್ ತಡೆಯಬೇಕು ಅಂದರೆ 40,000 ಮೈಕ್ರೋಫ್ಯಾರಡ್ ಬೇಕು. ನಮ್ಮದರಲ್ಲಿ ಇದ್ದದ್ದು 470, ಅದು 5 ಮಿಲಿಸೆಕೆಂಡ್ ಕೂಡ ತಡೆಯಲ್ಲ.

ಸರಿಯಾದ ದಾರಿ: ಎರಡು ಬೇರೆ ಬೇರೆ ಸೆಕ್ಟರ್ ಇಟ್ಟುಕೊಳ್ಳಿ. ಒಂದೇ ಸೆಕ್ಟರ್‌ನಲ್ಲಿ ಎರಡು ಕಾಪಿ ಇಟ್ಟರೆ ಪ್ರಯೋಜನ ಇಲ್ಲ, ಅಳಿಸುವಾಗ ಎರಡೂ ಹೋಗುತ್ತವೆ. ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆ, ಒಂದು ಗುರುತಿನ ಸಂಖ್ಯೆ, ಕೊನೆಗೆ ಸಿಆರ್‌ಸಿ ಸೇರಿಸಿ. (ಗುರುತಿನ ಸಂಖ್ಯೆ ಯಾಕೆ ಅಂದರೆ, ಕೆಲವು ಸಿಆರ್‌ಸಿಗಳಲ್ಲಿ ಬರೀ ಸೊನ್ನೆಗಳ ದಾಖಲೆಯೂ ಪಾಸ್ ಆಗಿಬಿಡುತ್ತೆ.) ಬೋರ್ಡ್ ಎದ್ದಾಗ ಎರಡೂ ಸೆಕ್ಟರ್ ಓದಿ, ಸಿಆರ್‌ಸಿ ಸರಿ ಇರುವುದರಲ್ಲಿ ಕ್ರಮಸಂಖ್ಯೆ ದೊಡ್ಡದಿರೋದನ್ನು ತಗೊಳ್ಳಿ. ಅದಿರುವ ಸೆಕ್ಟರನ್ನು ಯಾವತ್ತೂ ಅಳಿಸಬೇಡಿ, ಅಳಿಸಬೇಕಾದಾಗ ಇನ್ನೊಂದನ್ನು ಅಳಿಸಿ. ಯಾವುದೂ ಸರಿ ಇಲ್ಲದಿದ್ದರೆ ಮೋಟರ್ ಆಫ್ ಇಟ್ಟು ಡಿಸ್‌ಪ್ಲೇನಲ್ಲಿ ಎರರ್ ತೋರಿಸಿ.

ಸವೆತದ ಕಥೆಯೂ ಇದರಲ್ಲೇ ಬರುತ್ತೆ. ಅದೇ ಕೋಡ್ ಉಳಿದ ಸಮಯವನ್ನು ಪ್ರತಿ ನಿಮಿಷ ಸೇವ್ ಮಾಡ್ತಿತ್ತು. ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂದರೆ 420 ಸಲ ಅಳಿಸೋದು. ಇಂಥ ಫ್ಲ್ಯಾಶ್‌ಗೆ ಸಾಮಾನ್ಯವಾಗಿ 1 ಲಕ್ಷ ಸಲದ ಖಾತ್ರಿ, ಅದು ಎಂಟು ತಿಂಗಳಿಗೆ ಖಾಲಿ. ಅದರ ಬದಲು 16 ಬೈಟ್‌ನ ದಾಖಲೆಗಳನ್ನು ಒಂದರ ಮುಂದೆ ಒಂದು ಬರೆಯುತ್ತಾ ಹೋಗಿ. ಒಂದು ಸೆಕ್ಟರ್‌ನಲ್ಲಿ 256 ಹಿಡಿಯುತ್ತೆ, ಅದು ತುಂಬಿದ ಮೇಲೆ ಇನ್ನೊಂದಕ್ಕೆ. ಹೀಗೆ ಮಾಡಿದರೆ ದಿನಕ್ಕೆ ಅಳಿಸೋದು ಒಂದೆರಡು ಸಲ ಮಾತ್ರ. ಇದರ ಇನ್ನೊಂದು ಲಾಭ, ಅಳಿಸದೆ ಬರೀ ಬರೆಯೋಕೆ ಹೆಚ್ಚೆಂದರೆ 3 ಮಿಲಿಸೆಕೆಂಡ್ ಸಾಕು, ಆ ಪುಟ್ಟ 470ರ ಕೆಪಾಸಿಟರ್ ಕೂಡ ಇಷ್ಟನ್ನು ತಡೆಯುತ್ತೆ. ಅಳಿಸುವ ಕೆಲಸವನ್ನು ಮೋಟರ್ ಒಂದೇ ಸಮ ಓಡುತ್ತಿರುವಾಗ ಮೊದಲೇ ಮುಗಿಸಿಡಿ.

ESP32 ಬಳಸುವವರಿಗೆ `Preferences` ಈ ಕೆಲಸದ ಬಹುಪಾಲನ್ನು ತಾನೇ ಮಾಡುತ್ತೆ. ಆದರೂ ಓದಿದ ಮೌಲ್ಯ ಮಿತಿಯೊಳಗಿದೆಯಾ ಅಂತ ನೀವೇ ನೋಡಬೇಕು. ಡ್ರೈ ರನ್ ಸಮಯ 60 ಸೆಕೆಂಡ್ ದಾಟಿದ್ದರೆ ಅದು ಯಾರೂ ಕೊಟ್ಟ ಸೆಟ್ಟಿಂಗ್ ಅಲ್ಲ.

ಕೊಳ್ಳುವವರು ಬೋರ್‌ಗೆ ಜೋಡಿಸುವ ಮೊದಲು ಟೇಬಲ್ ಮೇಲೆ, ಮೋಟರ್ ಇಲ್ಲದೆ, ಬೋರ್ಡ್‌ಗೆ ಕರೆಂಟ್ ಕೊಟ್ಟು ಸ್ಟಾರ್ಟ್ ಒತ್ತಿ. ರಿಲೇ ಟಕ್ ಅಂದ ತಕ್ಷಣ ಪ್ಲಗ್ ಕೀಳಿ. ಮತ್ತೆ ಹಾಕಿ ಸೆಟ್ಟಿಂಗ್ ನೋಡಿ. ಬೇಸರ ಬರುವಷ್ಟು ಸಲ ಮಾಡಿ, ಕೀಳುವ ಕ್ಷಣ ಸ್ವಲ್ಪ ಹಿಂದೆ ಮುಂದೆ ಮಾಡುತ್ತಾ. ಒಂದು ಸಲ ನಂಬರ್ ಬದಲಾದರೂ ವಾಪಸ್ ಕೊಟ್ಟುಬಿಡಿ.