ಲೀಸ್ ಮುಗಿದ ಮೇಲೆ ಮಷಿನ್‌ಗೆ ಏನು ಬೆಲೆ ಇರುತ್ತೆ ಅಂದರು, ಕೊನೆಗೆ 7 ಲಕ್ಷ 20 ಸಾವಿರ ಕೇಳಿದರು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ ನಡೆಸುವವರು ಯಾರಾದರೂ ಲೀಸ್ ಮೇಲೆ ಮಷಿನ್ ತಗೊಳ್ಳುತ್ತಿದ್ದರೆ, ಸಹಿ ಹಾಕುವ ಮೊದಲು ಇದನ್ನು ಓದಿ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಆದರೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಮಿಲ್‌ಗೆ ಕಲರ್ ಸಾರ್ಟರ್ ಬೇಕಿತ್ತು. ಅಕ್ಕಿಯಲ್ಲಿ ಹಳದಿ ಕಾಳು, ಕಪ್ಪು ಕಾಳು ಉಳಿದರೆ ಸೋನಾ ಮಸೂರಿಗೆ ರೇಟ್ ಸಿಗಲ್ಲ. ಮಷಿನ್ ಬೆಲೆ 20 ಲಕ್ಷ. ಲೀಸ್ ಕಂಪನಿಯವನು ಎರಡು ಲೆಕ್ಕ ಕೊಟ್ಟ. ಒಂದು, ತಿಂಗಳಿಗೆ 67 ಸಾವಿರ, 36 ತಿಂಗಳು, ಕೊನೆಗೆ ಬರೀ 1 ಸಾವಿರ ಕಟ್ಟಿದರೆ ಮಷಿನ್ ನಮ್ಮ ಹೆಸರಿಗೆ. ಇನ್ನೊಂದು, ತಿಂಗಳಿಗೆ 59 ಸಾವಿರ, ಅದೇ 36 ತಿಂಗಳು, ಕೊನೆಗೆ ಫೇರ್ ಮಾರ್ಕೆಟ್ ವ್ಯಾಲ್ಯೂ, ಅಂದರೆ ಆಗಿನ ಮಾರ್ಕೆಟ್ ಬೆಲೆ ಕೊಟ್ಟು ಖರೀದಿ. ಎರಡಕ್ಕೂ ಜಿಎಸ್‌ಟಿ ಬೇರೆ.

"ಆಗಿನ ಬೆಲೆ ಎಷ್ಟಾಗುತ್ತೆ?" ಅಂತ ಕೇಳಿದೆ. ಕೇಳಲಿಲ್ಲ ಅಂತಲ್ಲ, ಕೇಳಿದೆ. "ಮೂರು ವರ್ಷ ಓಡಿದ ಮಷಿನ್‌ಗೆ ಏನ್ ಬೆಲಿ ಇರತೈತ್ರಿ ಸಾವ್ಕಾರ್ರ, ತಲಿ ಕೆಡಿಸ್ಕೋಬ್ಯಾಡ್ರಿ" ಅಂದ. ತಿಂಗಳಿಗೆ 8 ಸಾವಿರ ಉಳಿಯುತ್ತಲ್ವಾ ಅಂತ ನಾನು ಎರಡನೆಯದಕ್ಕೇ ಸಹಿ ಹಾಕಿದೆ.

ಲೀಸ್ ಮುಗಿದಿದ್ದು ನವೆಂಬರ್‌ನಲ್ಲಿ. ಹೊಸ ಭತ್ತ ಬರುವ ಹೊತ್ತು, ಗೇಟ್ ಮುಂದೆ ಲಾರಿಗಳು. ಆಗ ಅವರ ಪತ್ರ ಬಂತು. ಬೆಲೆ 7 ಲಕ್ಷ 20 ಸಾವಿರ! ಗುಮಾಸ್ತ ಓದಿ ಹೇಳಿದಾಗ ಸೊನ್ನೆ ಒಂದು ಜಾಸ್ತಿ ಇರಬೇಕು ಅಂದುಕೊಂಡೆ. ಪತ್ರ ಕಸಿದುಕೊಂಡು ನಾನೇ ನೋಡಿದೆ. ಸರಿಯಾಗೇ ಇತ್ತು.

ಫೋನ್ ಮಾಡಿದೆ. "ಇಂಥದ್ದೇ ಸೆಕೆಂಡ್ ಹ್ಯಾಂಡ್ ಮಷಿನ್ ನಾಲ್ಕೂವರೆಗೆ ಸಿಗುತ್ತಲ್ರೀ" ಅಂದೆ. ಅವರ ಉತ್ತರ ಕೇಳಿ: "ಸರ್, ಅದು ಬಿಚ್ಚಿಟ್ಟ ಮಷಿನ್ ಬೆಲೆ. ನಿಮ್ಮದು ಕೂತ ಜಾಗದಲ್ಲಿ ಓಡ್ತಾ ಇರೋ ಮಷಿನ್, ಆ ಬೆಲೆ ಬೇರೆ." ಕೂತ ಜಾಗ ಯಾರದು? ಕಾಂಕ್ರೀಟ್ ಹಾಸು ನಾನು ಹಾಕಿಸಿದ್ದು. ಕಂಪ್ರೆಸರ್, ಏರ್ ಡ್ರೈಯರ್, ಪೈಪ್ ಎಲ್ಲ ನನ್ನ ದುಡ್ಡು. ನನ್ನ ಖರ್ಚಿನಲ್ಲಿ ಕೂರಿಸಿದ್ದಕ್ಕೆ ನನ್ನಿಂದಲೇ ಬೆಲೆ ಜಾಸ್ತಿ! ಕರಾರು ತೆಗೆದು ನೋಡಿದರೆ, 'ಸ್ಥಾಪಿತ ಸ್ಥಿತಿಯ ಬೆಲೆ, ಮಾಲೀಕ ಕಂಪನಿ ನಿರ್ಧರಿಸಿದಂತೆ' ಅನ್ನುವ ಅರ್ಥದ ಒಂದು ಸಾಲು ಇತ್ತು. ಬೆಲೆ ಕಟ್ಟುವವನೂ ಅವನೇ, ಮಾರುವವನೂ ಅವನೇ.

"ಹಾಗಾದ್ರೆ ವಾಪಸ್ ತಗೊಂಡು ಹೋಗಿ" ಅಂದೆ. "ಸರ್, 90 ದಿನ ಮೊದಲೇ ಬರೆದು ತಿಳಿಸಬೇಕಿತ್ತು. ಈಗ ಲೀಸ್ ಆರು ತಿಂಗಳು ತಾನಾಗಿಯೇ ಮುಂದುವರಿಯುತ್ತೆ. ಆಮೇಲೆ ಬಿಚ್ಚಿ, ಪ್ಯಾಕ್ ಮಾಡಿ, ಬೆಂಗಳೂರಿನ ಗೋಡೌನ್‌ಗೆ ತಲುಪಿಸೋ ಖರ್ಚು ನಿಮ್ಮದೇ." ಇದನ್ನೂ ಅಷ್ಟೇ ನಯವಾಗಿ ಹೇಳಿದ. ಆರು ತಿಂಗಳಂದರೆ 3 ಲಕ್ಷ 54 ಸಾವಿರ ಬಾಡಿಗೆ, ಮಷಿನ್ ಮಾತ್ರ ಅವರದೇ.

ಹದಿನೈದು ದಿನ ಜಗಳಾಡಿ 6 ಲಕ್ಷ 50 ಸಾವಿರಕ್ಕೆ ಇಳಿಸಿದೆ. ಕಟ್ಟಿದೆ. ಸೀಸನ್‌ನಲ್ಲಿ ಸಾರ್ಟರ್ ಬಿಚ್ಚಿ ಕೊಟ್ಟು ಮಿಲ್ ನಿಲ್ಲಿಸೋಕಾಗುತ್ತಾ? ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೊದಲನೆಯದನ್ನು ಒಪ್ಪಿದ್ದರೆ ಒಟ್ಟು 24 ಲಕ್ಷ 13 ಸಾವಿರ. ನಾನು ಕೊಟ್ಟಿದ್ದು ಬಾಡಿಗೆ 21 ಲಕ್ಷ 24 ಸಾವಿರ, ಕೊನೆಯ ಬೆಲೆ ಸೇರಿ 27 ಲಕ್ಷ 74 ಸಾವಿರ. 3 ಲಕ್ಷ 61 ಸಾವಿರ ಜಾಸ್ತಿ. ತಿಂಗಳಿಗೆ 8 ಸಾವಿರ ಉಳಿಸಿದ್ದು ಮೂರು ವರ್ಷಕ್ಕೆ 2 ಲಕ್ಷ 88 ಸಾವಿರ. ಅದಕ್ಕೆ ಬ್ಯಾಂಕ್ ಸಾಲದ ಬಡ್ಡಿ ಸೇರಿಸಿದರೂ ಸುಮಾರು ಮೂರೂವರೆ ಲಕ್ಷ. ಅಂದರೆ ಕೊನೆಯ ಬೆಲೆ ಮೂರೂವರೆ ದಾಟಿದರೆ ನನಗೆ ನಷ್ಟ ಅನ್ನೋದು ಸಹಿ ಹಾಕುವ ದಿನವೇ ಗೊತ್ತಾಗುತ್ತಿತ್ತು. ಐದು ನಿಮಿಷದ ಲೆಕ್ಕ. ಮಾಡಲಿಲ್ಲ.

ಮೂರು ವರ್ಷ ಬಳಸಿ ವಾಪಸ್ ಕೊಡುತ್ತೀನಿ, ಹೊಸ ಮಾಡೆಲ್ ತರುತ್ತೀನಿ ಅನ್ನುವವರಿಗೆ ಮಾರ್ಕೆಟ್ ಬೆಲೆಯ ಲೀಸ್ ಸರಿ. ಮಷಿನ್ ಉಳಿಸಿಕೊಳ್ಳುವವರು ನಾಮಕಾವಸ್ತೆ ಬೆಲೆಯದನ್ನೇ ಕೇಳಿ. ಕಂತು ಜಾಸ್ತಿ ಇರಲಿ. ಮಾರ್ಕೆಟ್ ಬೆಲೆಯದೇ ತಗೊಳ್ಳಬೇಕಾಗಿ ಬಂದರೆ, ಕೊನೆಯ ಬೆಲೆ ಮಷಿನ್ ಬೆಲೆಯ ಇಷ್ಟು ಪರ್ಸೆಂಟ್ ದಾಟಬಾರದು ಅಂತ ಕರಾರಿನಲ್ಲೇ ಬರೆಸಿ. ಬಿಚ್ಚಿಟ್ಟ ಮಷಿನ್‌ನ ಬೆಲೆ ಅಂತ ಬರೆಸಿ. ಬೆಲೆ ಕಟ್ಟಲು ಇಬ್ಬರೂ ಒಪ್ಪಿದ ಹೊರಗಿನವರು ಬರಲಿ. ಬಾಯಿಮಾತು ನಂಬಬೇಡಿ.

ಕಾರಟಗಿಯಲ್ಲಿ ನನ್ನ ಭಾವನ ಮಿಲ್‌ನ ಡ್ರೈಯರ್ ಲೀಸ್ ಮಾರ್ಚ್‌ಗೆ ಮುಗಿಯುತ್ತೆ, ಅದೂ ಮಾರ್ಕೆಟ್ ಬೆಲೆಯದೇ. ನಿನ್ನೆ ನಾನೇ ಪಕ್ಕದಲ್ಲಿ ನಿಂತು ವಾಪಸಾತಿ ನೋಟಿಸ್ ಬರೆಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಅವನ ಕೈಗೆ ಕೊಟ್ಟು ಬಂದೆ.