ದುಬೈನಲ್ಲಿ ಸಹಿ, ಇಲ್ಲಿ ನೋಟರಿ: ಜಿಪಿಎ ಮಾಡಿಸುವವರು ದಯವಿಟ್ಟು ಓದಿ

ಎರಡು ತಿಂಗಳಾಯಿತು. ಇನ್ನೂ ಸಿಟ್ಟು ಇಳಿದಿಲ್ಲ. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ, ಯಾಕಂದ್ರೆ ನಾನು ಕಾಗದಪತ್ರ ಓದದೆ ಸಹಿ ಹಾಕುವವಳಲ್ಲ. ಮನೆಯಲ್ಲಿ ಯಾರಿಗೆ ಯಾವ ಫಾರ್ಮ್ ತುಂಬಬೇಕಿದ್ದರೂ ನನ್ನ ಹತ್ತಿರವೇ ಬರುತ್ತಾರೆ. ಅಂಥ ನಾನೇ ಮೋಸ ಹೋದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಮನೆ ಅಮ್ಮ, ನಾನು, ತಮ್ಮ ಮೂವರ ಹೆಸರಿಗೆ ಬಂತು. ಮಾರುವುದು ಅಂತ ತೀರ್ಮಾನವಾಯಿತು. ತಮ್ಮ ಇರುವುದು ದುಬೈನಲ್ಲಿ. ರಜೆ ಸಿಗುವುದಿಲ್ಲ, ಅವನ ಪರವಾಗಿ ಸಹಿ ಹಾಕಲು ನನ್ನ ಹೆಸರಿಗೆ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಕೊಡುತ್ತೇನೆ ಅಂದ. ಎಲ್ಲರೂ ಮಾಡುವುದೇ ಅಲ್ವಾ. ಖರೀದಿದಾರರು ಅಡ್ವಾನ್ಸ್ ಕೊಟ್ಟಿದ್ದರು, ಕ್ರಯಕ್ಕೆ ದಿನವೂ ಗೊತ್ತಾಗಿತ್ತು.

ಪರಿಚಯದವರು ಒಬ್ಬ ಏಜೆಂಟ್ ನಂಬರ್ ಕೊಟ್ಟರು. 'ವಿದೇಶದ ಡಾಕ್ಯುಮೆಂಟ್ ಎಲ್ಲಾ ನಾವೇ ಮಾಡಿಸಿಕೊಡ್ತೀವಿ' ಅನ್ನುವಂಥ ಆಫೀಸು. ಹೆಸರು ಬರೆಯುವುದಿಲ್ಲ. ಆ ಮನುಷ್ಯ ಹೇಳಿದ್ದು ಹೀಗೆ: 'ಮೇಡಂ, ನಿಮ್ಮ ತಮ್ಮ ಕಾನ್ಸುಲೇಟಿಗೆಲ್ಲಾ ಅಲೆಯೋದು ಬೇಡ. ಪ್ರಿಂಟ್ ತೆಗೆದು ಸಹಿ ಹಾಕಿ ಕೊರಿಯರ್ ಮಾಡಿದ್ರೆ ಸಾಕು. ನೋಟರಿ ಇಲ್ಲೇ ಮಾಡಿಸ್ತೀವಿ, ಆಮೇಲೆ ದೆಹಲಿಯಲ್ಲಿ ವಿದೇಶಾಂಗ ಇಲಾಖೆ ಅಪಾಸ್ಟಿಲ್ ಹಾಕಿಸ್ತೀವಿ. ಅಪಾಸ್ಟಿಲ್ ಇದ್ರೆ ಪ್ರಪಂಚದಲ್ಲಿ ಎಲ್ಲೂ ಬೇಡ ಅನ್ನಲ್ಲ.'

ಈ ಮಾತಿನಲ್ಲಿ ಎರಡು ತಪ್ಪಿವೆ. ಇವತ್ತು ನನಗೆ ಕಾಣುತ್ತದೆ. ಅವತ್ತು ಕಾಣಲಿಲ್ಲ. ವಿದೇಶಾಂಗ ಇಲಾಖೆ ಅಂದ ಕೂಡಲೇ ತಲೆಯಾಡಿಸಿಬಿಟ್ಟೆ.

ಒಂಬತ್ತು ದಿನದಲ್ಲಿ ಪೇಪರ್ ಕೈಗೆ ಬಂತು. ಕೊನೆಯ ಪುಟದಲ್ಲಿ ನೋಟರಿಯ ಕೆಂಪು ಸೀಲು. ಹಿಂದೆ ಅಪಾಸ್ಟಿಲ್ ಸ್ಟಿಕ್ಕರ್, ಅದರ ಮೇಲೊಂದು ನಂಬರ್. 'ಆನ್‌ಲೈನ್‌ನಲ್ಲಿ ಚೆಕ್ ಮಾಡ್ಕೊಳ್ಳಿ ಮೇಡಂ, ನೂರಕ್ಕೆ ನೂರು ಒರಿಜಿನಲ್' ಅಂದ. ಚೆಕ್ ಮಾಡಿದೆ. ಒರಿಜಿನಲ್ಲೇ! ಸ್ಟಿಕ್ಕರ್ ನಕಲಿ ಅಲ್ಲ, ದಯವಿಟ್ಟು ಇದನ್ನು ಗಮನಿಸಿ. ನಿಜವಾದ ಸ್ಟಿಕ್ಕರ್, ಆದರೆ ನಮ್ಮ ಕೆಲಸಕ್ಕೆ ಬಾರದ ಸ್ಟಿಕ್ಕರ್. ಬಾಕಿ ಹಣ ಅವತ್ತೇ ಕಳಿಸಿದೆ.

ಕ್ರಯದ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಅಮ್ಮ, ನಾನು, ಖರೀದಿದಾರರು, ಅವರ ಹೆಂಡತಿ, ಇಬ್ಬರು ಸಾಕ್ಷಿಗಳು. ಅಧಿಕಾರಿ ಜಿಪಿಎ ತೆಗೆದುಕೊಂಡು ಮೊದಲ ಪುಟ ಓದಿದರು. 'ದುಬೈನಲ್ಲಿ ವಾಸವಾಗಿರುವ' ಅನ್ನುವ ಸಾಲಿನ ಮೇಲೆ ಪೆನ್ನಿಟ್ಟರು. ನಂತರ ಕೊನೆಯ ಪುಟ ತೆಗೆದು ನೋಟರಿಯ ಸಾಲಿನ ಮೇಲೆ ಪೆನ್ನಿಟ್ಟರು. 'ನನ್ನ ಸಮಕ್ಷಮ ಸಹಿ ಮಾಡಿರುತ್ತಾರೆ' ಅಂತ ಇತ್ತು. ಕೆಳಗೆ ನಮ್ಮ ಊರಿನ ಹೆಸರು, ತಾರೀಖು ಮಾರ್ಚ್ 12.

'ಮಾರ್ಚ್ 12ನೇ ತಾರೀಖು ನಿಮ್ಮ ತಮ್ಮ ಎಲ್ಲಿದ್ದರಮ್ಮ?'

'ದುಬೈನಲ್ಲಿ ಸಾರ್.'

'ಹಾಗಿದ್ರೆ ಈ ನೋಟರಿ ಎದುರಿಗೆ ಸಹಿ ಹಾಕಿದ್ದು ಯಾರು?'

ನನಗೆ ಉತ್ತರ ಹೊಳೆಯಲಿಲ್ಲ. ಹಿಂದೆ ನಿಂತಿದ್ದ ಖರೀದಿದಾರರು ನನ್ನ ಮುಖ ನೋಡಿದರು. ಆ ನೋಟ ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ನಾನೇ ತಮ್ಮನ ಸಹಿ ಫೋರ್ಜರಿ ಮಾಡಿದೆ ಅಂತ ಅವರಿಗೆ ಅನ್ನಿಸಿರಬೇಕು. 'ಆ ನೋಟರಿ ರಿಜಿಸ್ಟರ್ ತರಿಸಿದರೆ ಅದರಲ್ಲಿ ನಿಮ್ಮ ತಮ್ಮನ ಸಹಿ ಇರುತ್ತಾ?' ಅಂತ ಅಧಿಕಾರಿ ಮತ್ತೆ ಕೇಳಿದರು. ಅಮ್ಮ ನನ್ನ ಕೈ ಹಿಡಿದುಕೊಂಡರು.

ಅಪಾಸ್ಟಿಲ್ ಇದೆ ಸಾರ್ ಅಂದೆ. ಅವರು ಪೇಪರ್ ತಿರುಗಿಸಿ ಸ್ಟಿಕ್ಕರ್ ತೋರಿಸಿದರು. ಅದರಲ್ಲಿ ಹತ್ತು ಸಾಲು ಇರುತ್ತದೆ, ಒಂದೊಂದಕ್ಕೂ ನಂಬರ್. ಮೊದಲನೆಯದೇ ದೇಶ. ಅಲ್ಲಿ ಇಂಡಿಯಾ ಅಂತ ಇತ್ತು. 'ಇದು ಇಂಡಿಯಾದ ಕಾಗದ ಹೊರದೇಶಕ್ಕೆ ಹೋಗುವಾಗ ಹಾಕೋದು. ನಿಮಗೆ ಬೇಕಾಗಿರೋದು ಹೊರಗಿನ ಕಾಗದ ಒಳಗೆ ಬರೋದಕ್ಕೆ. ಯಾರಮ್ಮ ಇದನ್ನ ಮಾಡಿಸಿದ್ದು?'

ಅಲ್ಲಿಯವರೆಗೂ ಆ ಸ್ಟಿಕ್ಕರ್ ನನ್ನ ಮನೆಯಲ್ಲೇ ಇತ್ತು. ಮೊದಲ ಸಾಲು ಓದಿದ್ದರೆ ಸಾಕಿತ್ತು. ಓದಲಿಲ್ಲ.

ಅಪಾಸ್ಟಿಲ್ ಅಂದರೆ ಏನು ಅಂತ ಆಮೇಲೆ ನಮ್ಮ ವಕೀಲರು ಕೂರಿಸಿಕೊಂಡು ಹೇಳಿದರು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಂದರ ಕಾಗದವನ್ನು ಇನ್ನೊಂದು ಒಪ್ಪಿಕೊಳ್ಳಲು ಮಾಡಿಕೊಂಡ ವ್ಯವಸ್ಥೆ ಅದು. ಭಾರತಕ್ಕೆ 2005ರ ಜುಲೈನಿಂದ ಅನ್ವಯ. ಕಾಗದ ಯಾವ ದೇಶದಲ್ಲಿ ಹುಟ್ಟಿತೋ ಅಪಾಸ್ಟಿಲ್ ಅದೇ ದೇಶ ಹಾಕಬೇಕು. ಅದು ಹೇಳುವುದೂ ಇಷ್ಟೇ: ಈ ಸಹಿ, ಈ ಸೀಲು ಈ ಅಧಿಕಾರಿಯದ್ದು ಹೌದು. ಒಳಗೆ ಬರೆದಿರುವುದು ನಿಜವೋ ಸುಳ್ಳೋ ಅದಕ್ಕೆ ಬೇಕಾಗಿಲ್ಲ. ಹಾಗಾಗಿ ನೋಟರಿ ಸುಳ್ಳು ಬರೆದಿದ್ದರೂ ಅದರ ಮೇಲೆ ನಿಜವಾದ ಅಪಾಸ್ಟಿಲ್ ಬೀಳುತ್ತದೆ. ನಮ್ಮ ಪೇಪರಿಗೆ ಆಗಿದ್ದು ಅದೇ. ಇನ್ನು ಯುಎಇ ಆ ಒಪ್ಪಂದದಲ್ಲೇ ಇಲ್ಲ. ಅಂದರೆ ದುಬೈನಿಂದ ಬರುವ ಜಿಪಿಎಗೆ ಅಪಾಸ್ಟಿಲ್ ಅನ್ನುವ ದಾರಿಯೇ ಇರಲಿಲ್ಲ. ಇಲ್ಲದ ದಾರಿಗೆ ನಮ್ಮ ಕೈಯಿಂದ ದುಡ್ಡು ಕಟ್ಟಿಸಿಕೊಂಡರು.

ಏಜೆಂಟಿಗೆ ಫೋನ್ ಮಾಡಿದೆ. 'ಮೇಡಂ, ನಮ್ಮ ಕೆಲಸ ಅಪಾಸ್ಟಿಲ್ ಮಾಡಿಸಿಕೊಡೋದು. ಮಾಡಿಸಿಕೊಟ್ಟಿದ್ದೀವಿ. ಆಫೀಸರ್ ತಗೊಳ್ಳೋದು ಬಿಡೋದು ಅವರಿಷ್ಟ.' ಇದನ್ನೇ ಮೂರು ಸಲ ಹೇಳಿದ. ಬೇರೆಯವರದ್ದೆಲ್ಲಾ ಆಗಿದೆ, ನಿಮ್ಮದೊಂದೇ ಹೀಗೆ ಅಂದ. ದುಡ್ಡು ವಾಪಸ್ ಕೊಡಿ ಅಂದರೆ ಸರ್ಕಾರಿ ಫೀಸು ವಾಪಸ್ ಬರಲ್ಲ ಅಂದ.

ಸಂಜೆ ಅವನೇ ಮೆಸೇಜ್ ಮಾಡಿದ. 'ನಿಮ್ಮ ಬ್ರದರ್ ಲಾಸ್ಟ್ ಟೈಮ್ ಊರಿಗೆ ಬಂದಿದ್ದ ಡೇಟ್ ಹೇಳಿ. ಆ ಡೇಟ್ ಹಾಕಿ ಹೊಸ ನೋಟರಿ ಮಾಡಿಸ್ತೀನಿ, ಪ್ರಾಬ್ಲಮ್ ಇರಲ್ಲ.'

ಇದನ್ನು ಓದಿ ಕೈ ನಡುಗಿತು. ಆ ತಾರೀಖಿನಲ್ಲಿ ಇನ್ನೂ ಮನೆ ನಮ್ಮ ಹೆಸರಿಗೆ ಬಂದಿರಲೇ ಇಲ್ಲ! ಅದೆಲ್ಲ ಹೊಂದಿಕೊಂಡಿದ್ದರೂ ಆಗುತ್ತಿರಲಿಲ್ಲ ಅಂತ ವಕೀಲರು ಹೇಳಿದರು. ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ, ಇಲ್ಲೇ ವಾಸವಿರುವವರು ಕ್ರಯಪತ್ರ ಹಾಜರುಪಡಿಸಲು ಪವರ್ ಕೊಡುವುದಾದರೆ ಅದನ್ನು ಸಬ್ ರಿಜಿಸ್ಟ್ರಾರ್ ಎದುರಿಗೇ ಮಾಡಿಸಬೇಕು, ನೋಟರಿ ಸಾಲದು. ಭಾರತದ ಹೊರಗೆ ವಾಸ ಇರುವವರಿಗೆ ಮಾತ್ರ ನೋಟರಿ, ಕೋರ್ಟು, ಮ್ಯಾಜಿಸ್ಟ್ರೇಟ್, ಇಲ್ಲವೇ ಭಾರತದ ಕಾನ್ಸುಲ್ ಎದುರಿಗೆ ಸಹಿ ಹಾಕುವ ಅವಕಾಶ. ಯಾರ ಎದುರಿಗೇ ಆಗಲಿ, ಸಹಿ ಹಾಕುವ ಮನುಷ್ಯ ಅಲ್ಲಿ ನಿಂತಿರಬೇಕು. ಇಷ್ಟು ಸರಳವಾದ ಮಾತು!

ಇದೇ ಏಜೆಂಟ್ ಹತ್ತಿರ ಇನ್ನೊಂದು ಕಾಗದವನ್ನೂ ಮಾಡಿಸಿದ್ದೆವು. ಅಪ್ಪನ ಬ್ಯಾಂಕ್ ಹಣಕ್ಕೆ ಅಮ್ಮ ಹಾಕಿದ್ದ ಸಕ್ಸೆಷನ್ ಅರ್ಜಿಯಲ್ಲಿ ನನ್ನ ತಕರಾರಿಲ್ಲ ಅಂತ ತಮ್ಮನ ಅಫಿಡವಿಟ್. ಅದರಲ್ಲೂ ಅದೇ ನೋಟರಿ, ಅದೇ 'ನನ್ನ ಸಮಕ್ಷಮ'. ಪುಣ್ಯಕ್ಕೆ ವಕೀಲರು ಇನ್ನೂ ಕೋರ್ಟಿಗೆ ಹಾಕಿರಲಿಲ್ಲ. ಹಾಕಿದ್ದರೆ ತಮ್ಮ ಇಲ್ಲಿಗೆ ಬಂದು ಪ್ರಮಾಣ ಮಾಡಿದ ಅಂತ ಕೋರ್ಟಿಗೇ ಸುಳ್ಳು ಹೇಳಿದಂತೆ ಆಗುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಸರಿಯಾದ ದಾರಿ ಏನಿತ್ತು ಗೊತ್ತಾ? ತಮ್ಮ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಸಹಿ ಹಾಕದ ಜಿಪಿಎ, ಸಹಿ ಹಾಕದ ಅಫಿಡವಿಟ್, ಒರಿಜಿನಲ್ ಪಾಸ್‌ಪೋರ್ಟ್ ಹಿಡಿದು ದುಬೈನ ಭಾರತೀಯ ಕಾನ್ಸುಲೇಟಿಗೆ ಹೋದ. ಸಹಿ ಹಾಕಿದ್ದು ಅಲ್ಲಿನ ಅಧಿಕಾರಿಯ ಎದುರಿಗೆ. ಅವರು ದೃಢೀಕರಿಸಿ ಕಾನ್ಸುಲೇಟಿನ ಸೀಲು ಹಾಕಿಕೊಟ್ಟರು. ಕಾನ್ಸುಲರ್ ಅಧಿಕಾರಿಗೆ ಈ ಅಧಿಕಾರ 1948ರ ಕಾಯ್ದೆಯಿಂದಲೇ ಇದೆ. ಅವರ ಎದುರಿಗೆ ಮಾಡಿದ ಅಫಿಡವಿಟ್ ಇಲ್ಲಿನ ನೋಟರಿ ಎದುರಿಗೆ ಮಾಡಿದಷ್ಟೇ ಗಟ್ಟಿ. ಆ ಸೀಲು ಅಸಲಿಯೇ ಅಂತ ಬೇರೆ ಸಾಬೀತು ಮಾಡಬೇಕಿಲ್ಲ. ಅರ್ಧ ದಿನದ ಕೆಲಸ. ಆ ಅರ್ಧ ದಿನ ಉಳಿಸಲು ಹೋಗಿ ಎರಡು ತಿಂಗಳು ಹಾಳು ಮಾಡಿಕೊಂಡೆವು.

ಇಲ್ಲಿಗೆ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಏಜೆಂಟ್ ಇದರ ಸೊಲ್ಲೇ ಎತ್ತಿರಲಿಲ್ಲ. ಹೊರಗೆ ಸಹಿಯಾದ ಜಿಪಿಎಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಕರ್ನಾಟಕದ ಸ್ಟಾಂಪ್ ಕಾಯ್ದೆ ಪ್ರಕಾರ ಕಾಗದ ರಾಜ್ಯಕ್ಕೆ ಬಂದು ಸೇರಿದ ದಿನದಿಂದ ಮೂರು ತಿಂಗಳ ಒಳಗೆ. ಲೆಕ್ಕ ಸಹಿಯ ದಿನದಿಂದ ಅಲ್ಲ, ಕೈ ಸೇರಿದ ದಿನದಿಂದ. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಕೊರಿಯರ್ ಯಾವತ್ತು ಬಂತು ಅಂತ ಕೇಳಿದರು. ಈ ಸಲ ನಾನು ಕವರ್ ಬಿಸಾಡಿರಲಿಲ್ಲ. ಅದರ ಮೇಲಿನ ತಾರೀಖು ತೋರಿಸಿದೆ, ಡ್ಯೂಟಿ ಕಟ್ಟಿಸಿಕೊಂಡು ಮುದ್ರೆ ಹಾಕಿ ಕೊಟ್ಟರು. ಮೂರು ತಿಂಗಳು ಮೀರಿದರೆ ದಂಡದ ಮಾತು ಬರುತ್ತದೆ, ಅದು ಕಡಿಮೆ ಬಿದ್ದ ಡ್ಯೂಟಿಯ ಹತ್ತು ಪಟ್ಟಿನವರೆಗೂ ಹೋಗಬಹುದು.

ನಿಮ್ಮವರು ಅಮೆರಿಕ, ಇಂಗ್ಲೆಂಡ್ ಥರ ಒಪ್ಪಂದಕ್ಕೆ ಸೇರಿದ ದೇಶದಲ್ಲಿದ್ದರೆ ಅಲ್ಲಿನ ನೋಟರಿ ಎದುರಿಗೆ ಸಹಿ ಹಾಕಿ ಅಲ್ಲಿಯದೇ ಅಪಾಸ್ಟಿಲ್ ಹಾಕಿಸಬಹುದು. ಅಮೆರಿಕದಲ್ಲಾದರೆ ನೋಟರಿ ಯಾವ ರಾಜ್ಯದವರೋ ಆ ರಾಜ್ಯದ ಸರ್ಕಾರದಿಂದ. ಅಲ್ಲೂ ಕಾನ್ಸುಲೇಟಿನ ದಾರಿ ಇದ್ದೇ ಇದೆ. ಯಾವುದನ್ನೇ ಮಾಡಿ, 'ಸಹಿ ಹಾಕಿ ಕಳಿಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ' ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಹಿ ಹಾಕುವ ಮೊದಲು ಡ್ರಾಫ್ಟನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತೋರಿಸಿ.

ಕ್ರಯ ಕೊನೆಗೆ ಆಯಿತು. ಖರೀದಿದಾರರು ಒಳ್ಳೆಯವರು, ಕಾದರು. ಆದರೆ ಅವತ್ತಿನಿಂದ ನಮ್ಮ ಪ್ರತಿ ಕಾಗದವನ್ನೂ ಎರಡೆರಡು ಸಲ ಓದಿಸಿದರು. ತಪ್ಪು ಅವರದ್ದಲ್ಲ.

ಹಳೇ ಜಿಪಿಎ ವಿಷಯ ಇನ್ನೂ ಮುಗಿದಿಲ್ಲ. ಅದರ ಮೇಲಿರುವುದು ತಮ್ಮನ ನಿಜವಾದ ಸಹಿ. ಅದಕ್ಕೇ ವಕೀಲರು ಅದನ್ನು ರದ್ದು ಮಾಡುವ ಪತ್ರವನ್ನೂ ಕಾನ್ಸುಲೇಟಿನಲ್ಲೇ ಬೇರೆಯಾಗಿ ಮಾಡಿಸಲು ಹೇಳಿದರು, ತಮ್ಮ ಮತ್ತೊಂದು ಸಲ ಹೋಗಿ ಬಂದ. ಏಜೆಂಟ್ ಆಫೀಸಿನಲ್ಲಿ ಅದರ ಸ್ಕ್ಯಾನ್ ಇದೆ, ತಮ್ಮನ ಪಾಸ್‌ಪೋರ್ಟ್ ಕಾಪಿಯೂ ಇದೆ. ಅದನ್ನೆಲ್ಲ ವಾಪಸ್ ಕೊಡಿ, ಇಟ್ಟುಕೊಂಡಿಲ್ಲ ಅಂತ ಬರೆದುಕೊಡಿ ಅಂತ ನಾಲ್ಕು ಸಲ ಕೇಳಿದ್ದೇನೆ. ಮೆಸೇಜ್ ಓದಿದ್ದಾನೆ. ಉತ್ತರ ಬಂದಿಲ್ಲ.